ಲಿಂಕ್‌ನಲ್ಲಿ ನಮ್ಮೂರ ಹೆಸರು: obalapura ಇರಲಿ, obulapuram ಬೇಡ

ನಮ್ಮ ಹುಡುಗರಲ್ಲಿ ಈಗ ಒಂದು ಚರ್ಚೆ ನಡೀತಿದೆ. ರಾಯದುರ್ಗ, ಮಡಕಶಿರ ಕಡೆಯ ಕನ್ನಡ ಶಾಲೆಗಳ ಬಗ್ಗೆ, ಊರುಗಳ ಬಗ್ಗೆ ಒಂದು ವೆಬ್‌ಸೈಟ್ ಮಾಡೋಣ, ಒಂದೊಂದು ಊರಿಗೆ ಒಂದೊಂದು ಪುಟ ಇಡೋಣ ಅಂತ. ಒಳ್ಳೆಯದೇ. ಜಗಳ ಇರೋದು ಲಿಂಕ್ ಬಗ್ಗೆ. ಒಂದು ಗುಂಪು ಹೇಳುತ್ತೆ, "ಕನ್ನಡದ ಸೈಟು ಅಂದ ಮೇಲೆ ಲಿಂಕೂ ಕನ್ನಡ ಅಕ್ಷರದಲ್ಲೇ ಇರಬೇಕು, ಇಲ್ಲದಿದ್ರೆ ಹೋರಾಟ ಯಾಕೆ?" ಇನ್ನೊಂದು ಗುಂಪು, "ಇಂಗ್ಲಿಷಲ್ಲೇ ಇರಲಿ ಬಿಡ್ರಪ್ಪಾ, ಯಾರು ನೋಡ್ತಾರೆ" ಅನ್ನುತ್ತೆ.

ಇಬ್ಬರೂ ಲಿಪಿಯನ್ನೇ ಹಿಡಿದುಕೊಂಡು ಕೂತಿದ್ದಾರೆ. ನನ್ನ ಪ್ರಕಾರ ಲಿಂಕ್‌ನಲ್ಲಿ ಲಿಪಿಗಿಂತ ಸ್ಪೆಲಿಂಗ್ ದೊಡ್ಡ ವಿಷಯ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕನ್ನಡ ಹೋಗಲ್ಲ. ಇಂಗ್ಲಿಷ್ ಅಕ್ಷರದಲ್ಲಿ ತೆಲುಗು ಉಚ್ಚಾರ ಬರೆದರೆ ಹೋಗುತ್ತೆ.

ಮೊದಲು ಯಾವುದರ ಬಗ್ಗೆ ಮಾತು ಅಂತ ಹೇಳಿಬಿಡ್ತೀನಿ. ವೆಬ್ ವಿಳಾಸದಲ್ಲಿ ಸೈಟಿನ ಹೆಸರಾದ ಮೇಲೆ, ಓರೆಗೆರೆಯ ಮುಂದೆ, ಆ ಒಂದು ಪುಟಕ್ಕೆ ಅಂತ ಇರೋ ಭಾಗವನ್ನ ಸ್ಲಗ್ ಅಂತಾರೆ. ಸೈಟಿನ ಹೆಸರಿನ ಲೆಕ್ಕ ಬೇರೆ, ಅದಕ್ಕೆ ಕನ್ನಡದಲ್ಲಿ .ಭಾರತ ಅನ್ನೋ ಕೊನೆಯೂ ಇದೆ (ಕಂಪ್ಯೂಟರ್‌ಗಳ ನಡುವೆ ಅದು xn--2scrj9c ಅಂತ ಓಡಾಡುತ್ತೆ, ನೋಡೋಕೆ ಚಂದ ಇಲ್ಲ). ಆ ವಿಷಯ ಇಲ್ಲಿ ಬೇಡ. ಸ್ಲಗ್ ಅಷ್ಟೇ ನೋಡೋಣ.

ಕನ್ನಡ ಲಿಪಿ ಬೇಕು ಅನ್ನೋರ ಮಾತಿಗೆ ಆಧಾರ ಇಲ್ಲದೇ ಇಲ್ಲ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯ್ತು. ಅದರ ಪ್ರತಿ ಪುಟದ ವಿಳಾಸ ಕನ್ನಡದಲ್ಲೇ ಇದೆ. ಬ್ರೌಸರ್‌ನಲ್ಲಿ kn.wikipedia.org/wiki/ಕನ್ನಡ ಅಂತ ಸೊಗಸಾಗಿ ಕಾಣುತ್ತೆ. ಆದ್ರೆ ಅದೇ ಲಿಂಕನ್ನ ಕ್ರೋಮ್‌ನ ಮೇಲಿನ ಪಟ್ಟಿಯಿಂದ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ ನೋಡಿ:

```
https://kn.wikipedia.org/wiki/%E0%B2%95%E0%B2%A8%E0%B3%8D%E0%B2%A8%E0%B2%A1
```

ಇದು ಕೆಟ್ಟುಹೋಗಿರೋದಲ್ಲ. ವೆಬ್ ವಿಳಾಸದ ಮೂಲ ನಿಯಮದ ಪ್ರಕಾರ ಅದರೊಳಗೆ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆ ಮಾತ್ರ ಹೋಗಬಹುದು. ಬೇರೆ ಯಾವ ಲಿಪಿ ಇದ್ದರೂ ಅದನ್ನ ಶೇಕಡಾ ಚಿಹ್ನೆಯ ಸಂಕೇತಕ್ಕೆ ಬದಲಾಯಿಸಿಯೇ ಕಳಿಸಬೇಕು. ನಾವು ಪರದೆ ಮೇಲೆ ನೋಡೋ ಕನ್ನಡ ಬ್ರೌಸರ್ ನಮಗೋಸ್ಕರ ಬಿಡಿಸಿ ತೋರಿಸಿದ್ದು. ಒಳಗೆ ಓಡಾಡೋದು ಈ ಸಂಕೇತವೇ.

ಒಂದು ಕನ್ನಡ ಚಿಹ್ನೆಗೆ ಒಂಬತ್ತು ಅಕ್ಷರ ಬೇಕು. ಚಿಹ್ನೆ ಅಂದ್ರೆ ನಾವು ಶಾಲೆಯಲ್ಲಿ ಕಲಿತ ಅಕ್ಷರ ಅಲ್ಲ. "ಳಾ" ನಮಗೆ ಒಂದು ಅಕ್ಷರ, ಕಂಪ್ಯೂಟರ್‌ಗೆ ಳ ಒಂದು, ದೀರ್ಘದ ಗುರುತು ಇನ್ನೊಂದು. ಒತ್ತಕ್ಷರ ಬಂದ್ರೆ ಮೂರು. ಓಬಳಾಪುರ ಅನ್ನೋ ಹೆಸರಿನಲ್ಲಿ ನಮ್ಮ ಲೆಕ್ಕಕ್ಕೆ ಐದು ಅಕ್ಷರ, ಕಂಪ್ಯೂಟರ್ ಲೆಕ್ಕಕ್ಕೆ ಏಳು ಚಿಹ್ನೆ. ಏಳು ಒಂಬತ್ತಲ 63. ಊರ ಹೆಸರು ಒಂದಕ್ಕೇ ಇಷ್ಟು:

```
%E0%B2%93%E0%B2%AC%E0%B2%B3%E0%B2%BE%E0%B2%AA%E0%B3%81%E0%B2%B0
```

ಒಂದು ಮಾತು ಸುಮ್ಮನೆ ಹೇಳ್ತೀನಿ. ಇದರಲ್ಲಿ E0%B2, E0%B3 ಅಂತ ಮತ್ತೆ ಮತ್ತೆ ಬರುತ್ತಲ್ಲ, ಅದು ಕನ್ನಡದ ಗುರುತು. ತೆಲುಗಿನದು E0%B0, E0%B1. ಯೂನಿಕೋಡ್ ಪಟ್ಟಿಯಲ್ಲೂ ತೆಲುಗು ಮುಗಿದ ಕೂಡಲೇ ಪಕ್ಕದ ಮನೆ ಕನ್ನಡದ್ದು. ಅಲ್ಲೂ ನಾವು ಗಡಿಯಲ್ಲೇ ಇದ್ದೀವಿ!

ಉದ್ದ ಆದ್ರೆ ಆಗಲಿ, ಒತ್ತಿದ್ರೆ ತೆರೆಯುತ್ತಲ್ಲ ಅಂತ ಕೇಳಬಹುದು. ಎಲ್ಲಾ ಸಲ ತೆರೆಯಲ್ಲ, ಅದೇ ಸಮಸ್ಯೆ. ನಮ್ಮಂಥೋರು ಹೆಚ್ಚಾಗಿ ಸೈಟ್ ಮಾಡೋದು ವರ್ಡ್‌ಪ್ರೆಸ್‌ನಲ್ಲಿ. ಅದು ಸ್ಲಗ್ ಉಳಿಸಿಡೋಕೆ ಕೊಟ್ಟಿರೋ ಜಾಗ 200 ಅಕ್ಷರ. ಇಂಗ್ಲಿಷಿಗೆ ಅದು ಬೇಕಾದಷ್ಟಾಯ್ತು. ಕನ್ನಡವನ್ನ ಅದು ಶೇಕಡಾ ಸಂಕೇತದಲ್ಲೇ ಉಳಿಸೋದರಿಂದ ನಮಗೆ ಸಿಗೋದು ಸುಮಾರು 22 ಚಿಹ್ನೆ. ಈ ಶೀರ್ಷಿಕೆ ಇಟ್ಟುಕೊಂಡು ಲೆಕ್ಕ ಹಾಕೋಣ: "ಓಬಳಾಪುರ ಕನ್ನಡ ಶಾಲೆಗೆ ಶಿಕ್ಷಕರು ಬೇಕು". ಓಬಳಾಪುರಕ್ಕೆ 63, ಕನ್ನಡಕ್ಕೆ 45, ಶಾಲೆಗೆ ಅನ್ನೋದಕ್ಕೆ 54, ನಡುವಿನ ಅಡ್ಡಗೆರೆಗಳು ಮೂರು. ಅಲ್ಲಿಗೆ 165 ಆಯ್ತು. ಉಳಿದಿದ್ದು 35. "ಶಿಕ್ಷಕರು" ಅನ್ನೋಕೆ 72 ಬೇಕು. ವರ್ಡ್‌ಪ್ರೆಸ್ ಏನ್ ಮಾಡುತ್ತೆ ಅಂದ್ರೆ ಹಿಡಿಸಿದಷ್ಟು ತುಂಬಿ ಅಲ್ಲೇ ಕತ್ತರಿಸುತ್ತೆ. ಸಿಗೋ ಸ್ಲಗ್ ಇದು:

```
ಓಬಳಾಪುರ-ಕನ್ನಡ-ಶಾಲೆಗೆ-ಶಿಕ
```

ಶಿಕ್ಷಕರು ಹೋಗಿ "ಶಿಕ" ಆಯ್ತು. ಬೇಕು ಅನ್ನೋದು ಬರಲೇ ಇಲ್ಲ. ಪುಟ ತೆರೆಯುತ್ತೆ, ಆದ್ರೆ ಕನ್ನಡದ ಗೌರವಕ್ಕೆ ಅಂತ ಕನ್ನಡದಲ್ಲಿ ಇಟ್ಟ ವಿಳಾಸ ಅರ್ಧ ಪದಕ್ಕೆ ನಿಂತಿರುತ್ತೆ. ಇದನ್ನ ಯಾರೂ ಗಮನಿಸೋದಿಲ್ಲ, ಯಾಕಂದ್ರೆ ಶೀರ್ಷಿಕೆ ಪೂರ್ತಿ ಕಾಣ್ತಿರುತ್ತೆ. ಬ್ಲಾಗರ್‌ನಲ್ಲಿ ಬರೆದೋರಿಗೆ ಇದರ ಇನ್ನೊಂದು ರೂಪ ಗೊತ್ತಿರುತ್ತೆ: ಅಲ್ಲಿ ಕನ್ನಡ ಶೀರ್ಷಿಕೆ ಕೊಟ್ರೆ ಕನ್ನಡವನ್ನೆಲ್ಲ ಬಿಟ್ಟು blog-post_23.html ಅಂತ ಏನೋ ಒಂದು ಕೊಡುತ್ತೆ. ಕನ್ನಡದ ಎಷ್ಟೋ ಒಳ್ಳೆಯ ಬರಹಗಳು ಇವತ್ತಿಗೂ ಆ ಹೆಸರಿಲ್ಲದ ವಿಳಾಸದಲ್ಲೇ ಇವೆ.

ಇನ್ನೊಂದು ತೊಂದರೆ ಕಣ್ಣಿಗೇ ಕಾಣದ್ದು. "ಹಿರೇಹಾಳ್‌ನಲ್ಲಿ" ಅಂತ ಟೈಪ್ ಮಾಡಿ. ಳ್ ಮತ್ತು ನ ಒಂದಕ್ಕೊಂದು ಅಂಟಿ ಒತ್ತಕ್ಷರ ಆಗಬಾರದು ಅಂತ ನಡುವೆ ಒಂದು ಕಾಣದ ಚಿಹ್ನೆ ಹಾಕ್ತೀವಿ. ಅದಕ್ಕೆ ಅಗಲ ಇಲ್ಲ, ಆಕಾರ ಇಲ್ಲ, ಆದ್ರೆ ವಿಳಾಸದಲ್ಲಿ ಅದು %E2%80%8C ಅಂತ ಜಾಗ ಹಿಡಿಯುತ್ತೆ. ಕೆಲವು ತಂತ್ರಾಂಶ ಅದನ್ನ ಉಳಿಸುತ್ತೆ, ಕೆಲವು ತೆಗೆದುಹಾಕುತ್ತೆ. ಹಾಗಾಗಿ ಒಂದೇ ಥರ ಕಾಣೋ ಎರಡು ಲಿಂಕ್‌ಗಳಲ್ಲಿ ಒಂದು ತೆರೆಯುತ್ತೆ, ಇನ್ನೊಂದು "ಪುಟ ಸಿಗಲಿಲ್ಲ" ಅನ್ನುತ್ತೆ. ನೋಡಿ ನೋಡಿ ತಲೆ ಕೆಡುತ್ತೇ ಹೊರತು ವ್ಯತ್ಯಾಸ ಗೊತ್ತಾಗಲ್ಲ. ಸೊನ್ನೆಯ ಕಥೆಯೂ ಹೀಗೇ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಒತ್ತೋರು ಬಹಳ ಜನ. ಕಾಗದದ ಮೇಲೆ ಒಂದೇ, ವಿಳಾಸದಲ್ಲಿ ಬೇರೆ ಬೇರೆ. ಅನುಮಾನ ಬಂದ್ರೆ ಪತ್ತೆ ಮಾಡೋ ದಾರಿ ಒಂದೇ: ಎರಡೂ ಲಿಂಕನ್ನ ಕಾಪಿ ಮಾಡಿ, ಶೇಕಡಾ ಸಂಕೇತದ ರೂಪದಲ್ಲಿ ಒಂದರ ಕೆಳಗೊಂದು ಇಟ್ಟು, E2%80%8C ಅಥವಾ E2%80%8D ಎಲ್ಲಾದ್ರೂ ನುಸುಳಿದೆಯಾ ಅಂತ ನೋಡಬೇಕು.

ನಮ್ಮ ಭಾಷೆಯ ಸ್ವಭಾವದಿಂದ ಬರೋ ತೊಡಕೂ ಒಂದಿದೆ. ನಾವು ಪ್ರತ್ಯಯ ಅಂಟಿಸಿ ಮಾತಾಡೋರು. ಲಿಂಕ್ /ಓಬಳಾಪುರ ಅಂತ ಮುಗಿದ್ರೆ, ಸಾಲಿನಲ್ಲಿ ಬರೆಯೋವಾಗ ಕೈ ತಾನೇ "/ಓಬಳಾಪುರದಲ್ಲಿ ನೋಡಿ" ಅಂತ ಹೋಗುತ್ತೆ. ಲಿಂಕ್ ಎಲ್ಲಿಗೆ ಮುಗೀತು, ವಾಕ್ಯ ಎಲ್ಲಿಂದ ಶುರುವಾಯ್ತು ಅಂತ ಯಾರಿಗೂ ಗೊತ್ತಾಗಲ್ಲ. ಲಿಂಕ್ ಬೇರೆ ಲಿಪಿಯಲ್ಲಿದ್ರೆ ಆ ಗೊಂದಲ ಇಲ್ಲ.

ಇಷ್ಟೆಲ್ಲ ಇದ್ದರೂ ವಿಕಿಪೀಡಿಯ ಹೇಗೆ ನಡೆಸುತ್ತೆ? ಅಲ್ಲಿ ತಪ್ಪು ಸ್ಪೆಲಿಂಗ್‌ನಿಂದ ಸರಿ ಪುಟಕ್ಕೆ ಕಳಿಸೋ ಪುಟಗಳನ್ನ ಮಾಡಿಡೋ ಸ್ವಯಂಸೇವಕರಿದ್ದಾರೆ, ಉದ್ದದ ಲಿಂಕನ್ನ ಚಿಕ್ಕದು ಮಾಡೋಕೆ 2019ರಿಂದ w.wiki ಅನ್ನೋ ವ್ಯವಸ್ಥೆ ಇದೆ. ನಾಲ್ಕು ಜನ ಭಾನುವಾರ ಕೂತು ನಡೆಸೋ ಸೈಟಿಗೆ ಅದು ಆಗೋ ಮಾತಲ್ಲ.

ಆದ್ರೆ ನನಗೆ ಇವೆಲ್ಲಕ್ಕಿಂತ ಮುಖ್ಯ ಅನ್ನಿಸೋದು ಇನ್ನೊಂದು. ನಮ್ಮ ಲಿಂಕ್ ಬರೀ ಫೋನಿನಿಂದ ಫೋನಿಗೆ ಹೋಗಲ್ಲ. ಮನವಿ ಪತ್ರದ ಮೇಲೆ ಹೋಗುತ್ತೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸೋ ವ್ಯವಸ್ಥೆ ಮಾಡಬೇಕು ಅಂತ ಸಂವಿಧಾನದ 350-ಎ ವಿಧಿ ಹೇಳುತ್ತೆ, ನಾವು ಕೊಡೋ ಅರ್ಜಿಗಳಲ್ಲೆಲ್ಲ ಅದನ್ನೇ ಬರೀತೀವಿ. ಆ ಅರ್ಜಿ ಓದೋ ಅಧಿಕಾರಿಗೆ ತೆಲುಗು ಬರುತ್ತೆ, ಇಂಗ್ಲಿಷ್ ಬರುತ್ತೆ. ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಕಚೇರಿಗೆ ಕಳಿಸಿದ್ರೆ ಅಲ್ಲಿ ಹಿಂದಿ, ಇಂಗ್ಲಿಷ್. "ಶಾಲೆಯ ಫೋಟೋ, ಮಕ್ಕಳ ಸಂಖ್ಯೆ ಈ ಪುಟದಲ್ಲಿದೆ" ಅಂತ ಕನ್ನಡ ಲಿಪಿಯ ಲಿಂಕ್ ಮುದ್ರಿಸಿ ಕೊಟ್ರೆ ಅವರ ಕಂಪ್ಯೂಟರ್‌ನಲ್ಲಿ ಟೈಪ್ ಮಾಡೋಕೆ ಕನ್ನಡ ಕೀಲಿಮಣೆ ಎಲ್ಲಿಂದ ತರಬೇಕು? ಶೇಕಡಾ ರೂಪದಲ್ಲಿ ಮುದ್ರಿಸಿದ್ರೆ 63 ಅಕ್ಷರ ನೋಡಿ ನೋಡಿ ಒತ್ತೋರು ಯಾರು? ಆ ಪುಟ ಯಾರು ನೋಡಬೇಕಿತ್ತೋ ಅವರೇ ನೋಡಲ್ಲ. ಫೋನಿನಲ್ಲಿ ಲಿಂಕ್ ಬಾಯಲ್ಲಿ ಹೇಳೋವಾಗಲೂ ಅಷ್ಟೇ. ಎಸ್‌ಎಂಎಸ್‌ನಲ್ಲಂತೂ ಒಂದು ಕನ್ನಡ ಅಕ್ಷರ ಸೇರಿದ್ರೂ 160ರ ಮಿತಿ 70ಕ್ಕೆ ಇಳಿಯುತ್ತೆ.

ಹಾಗಾಗಿ ನಾನು ಇಂಗ್ಲಿಷ್ ಅಕ್ಷರದ ಕಡೆ. ಆದ್ರೆ ಇಲ್ಲಿಂದ ಮುಂದೆಯೇ ಎಚ್ಚರ ಬೇಕಾಗಿರೋದು.

ಇಂಗ್ಲಿಷ್ ಅಕ್ಷರ ಅಂದ ತಕ್ಷಣ ನಮ್ಮ ಹುಡುಗರು ಗೂಗಲ್ ಮ್ಯಾಪ್ ನೋಡಿ, ಸರ್ಕಾರಿ ಪಟ್ಟಿ ನೋಡಿ ಸ್ಪೆಲಿಂಗ್ ಎತ್ತಿಕೊಳ್ತಾರೆ. ಅಲ್ಲಿ ಇರೋದು Obulapuram. ಅದನ್ನ ಬಾಯಿಬಿಟ್ಟು ಓದಿ: ಓಬುಲಾಪುರಂ. ಅದು ತೆಲುಗಿನ ಹೆಸರು. ತೆಲುಗು ಮಾತಾಡೋರು ಹಾಗೆ ಕರೆಯೋದು ತಪ್ಪಲ್ಲ, ಅವರ ಭಾಷೆ ಅದು. ಆದ್ರೆ ನಮ್ಮ ಮನೆಗಳಲ್ಲಿ ಅಹೋಬಲದ ನರಸಿಂಹ ಓಬಳ ಆಗಿದ್ದಾನೆ, ಊರು ಪುರ ಆಗಿದೆ, ಪುರಂ ಅಲ್ಲ. ಕನ್ನಡ ಪುಟಕ್ಕೆ obulapuram ಅಂತ ಸ್ಲಗ್ ಕೊಟ್ರೆ ನಾವೇ ನಮ್ಮ ಕೈಯಾರೆ ಕನ್ನಡದ ಹೆಸರನ್ನ ಅಳಿಸಿದ ಹಾಗೆ. ಇನ್ನೊಂದು ಕಷ್ಟ ಏನಂದ್ರೆ ಆ ಸ್ಪೆಲಿಂಗ್‌ನಲ್ಲಿ ಹುಡುಕಿದ್ರೆ ಬರೋದು ಗಣಿ ಕೇಸಿನ ಸುದ್ದಿಯೇ. ನಮ್ಮ ಶಾಲೆಯ ಪುಟ ಅದರ ಕೆಳಗೆ ಎಲ್ಲೋ ಹೂತುಹೋಗುತ್ತೆ.

ಬೇರೆ ಹೆಸರುಗಳನ್ನೂ ನೋಡಿ. ಮಡಕಶಿರವನ್ನ Madakasira ಅಂತ ಬರೀತಾರೆ, ತೆಲುಗಿನ ಕಡೆ ಶ ಅಕ್ಷರಕ್ಕೆ ಬರೀ s ಹಾಕೋ ರೂಢಿ ಇದೆ. ಕನ್ನಡದೋನು ಅದನ್ನ ಓದಿದ್ರೆ ಮಡಕಸಿರ ಆಗುತ್ತೆ. ನಮಗೆ madakashira ಬೇಕು. ಚಿತ್ರದುರ್ಗಕ್ಕೆ Chitradurga ಅಂತ ಕೊನೆಯ a ಸಮೇತ ಬರೀತಾರೆ, ಅದೇ ದುರ್ಗ ನಮ್ಮ ಕಡೆ ಬಂದ್ರೆ Rayadurg ಅಥವಾ Rayadurgam. ಹೈದರಾಬಾದ್‌ನಲ್ಲಿ ಬೇರೆ ಒಂದು ರಾಯದುರ್ಗ ಇದೆ, ಮೆಟ್ರೋ ಸ್ಟೇಷನ್ ಸಮೇತ, ಹುಡುಕಿದ್ರೆ ಅದೂ ಅಡ್ಡ ಬರುತ್ತೆ. ನಾವು rayadurga ಅಂತ ಬರೆದ್ರೆ ನಮ್ಮ ಬಾಯಿಯ ಹೆಸರೂ ಆಯ್ತು, ಬೇರೆಯದೂ ಆಯ್ತು.

ಇದು ನಮ್ಮ ಗಡಿಯ ಕಥೆ ಮಾತ್ರ ಅಲ್ಲ. ಕಾಸರಗೋಡಿನ ಊರುಗಳ ಕನ್ನಡ ಹೆಸರುಗಳನ್ನ ಮಲಯಾಳಕ್ಕೆ ಬದಲಾಯಿಸ್ತಾರೆ ಅಂತ 2021ರ ಜೂನ್‌ನಲ್ಲಿ ದೊಡ್ಡ ಸುದ್ದಿಯಾಯ್ತು. ಅಂಥ ತೀರ್ಮಾನವೇ ಆಗಿಲ್ಲ ಅಂತ ಕೇರಳ ಸರ್ಕಾರ ಹೇಳಿತು. ಆದ್ರೆ ಮಂಜೇಶ್ವರ ಇಂಗ್ಲಿಷಲ್ಲಿ Manjeswaram ಅಂತ ಓಡಾಡೋಕೆ ಯಾವ ಆದೇಶವೂ ಬೇಕಾಗಿಲ್ಲ, ಒಬ್ಬರನ್ನ ನೋಡಿ ಒಬ್ಬರು ಬರೆದ್ರೆ ಸಾಕು.

"ಜನ Obulapuram ಅಂತಲೇ ಹುಡುಕಿದ್ರೆ ನಮ್ಮ ಪುಟ ಸಿಗುತ್ತಾ?" ಸರಿಯಾದ ಪ್ರಶ್ನೆ. ಅದಕ್ಕೆ ಆ ಸ್ಪೆಲಿಂಗನ್ನ ಪುಟದ ಒಳಗೆ ಒಂದು ಸಾಲಿನಲ್ಲಿ ಬರೀರಿ: ಸರ್ಕಾರಿ ದಾಖಲೆಗಳಲ್ಲಿ ಈ ಊರಿನ ಹೆಸರು ಹೀಗಿದೆ, ಮಂಡಲ ಡಿ. ಹಿರೇಹಾಳ್ ಅಂತ. ಗೂಗಲ್ ಒಳಗಿನದನ್ನೂ ಓದುತ್ತೆ. ಶೀರ್ಷಿಕೆ ಕನ್ನಡ ಲಿಪಿಯಲ್ಲಿ ದೊಡ್ಡದಾಗಿ ಇರಲಿ. ವಾಟ್ಸಾಪ್‌ನಲ್ಲಿ ಲಿಂಕ್ ಹಾಕಿದಾಗ ಮೇಲೆ ಕಾಣೋ ಡಬ್ಬಿಯಲ್ಲಿ ಬರೋದು ಆ ಶೀರ್ಷಿಕೆಯೇ. ಕನ್ನಡ ಕಾಣಬೇಕಾದ ಜಾಗದಲ್ಲಿ ಕನ್ನಡ ಕಾಣುತ್ತೆ.

ಇನ್ನು ಸ್ಪೆಲಿಂಗ್ ನಿಯಮ. ಎಲ್ಲರೂ ಕೂತು ಒಂದೇ ನಿಯಮ ಮಾಡಿಕೊಳ್ಳಬೇಕು, ಒಬ್ಬೊಬ್ಬರು ಒಂದೊಂದು ಥರ ಬರೆದ್ರೆ ಆಮೇಲೆ ಸರಿ ಮಾಡೋಕಾಗಲ್ಲ. ಬರಹದಲ್ಲಿ ಟೈಪ್ ಮಾಡಿ ರೂಢಿ ಇರೋರು ಳ ಅನ್ನೋಕೆ ದೊಡ್ಡ L, ಣ ಅನ್ನೋಕೆ ದೊಡ್ಡ N ಒತ್ತುತ್ತಾರೆ. ಸ್ಲಗ್‌ನಲ್ಲಿ ಅದು ಬೇಡವೇ ಬೇಡ. ಬಹಳಷ್ಟು ಸರ್ವರ್‌ಗಳಿಗೆ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಬೇರೆ ಬೇರೆ ವಿಳಾಸ, ಬಾಯಲ್ಲಿ ಹೇಳೋವಾಗಲೂ "ದೊಡ್ಡ ಎಲ್ಲು" ಅಂತ ಯಾರು ಹೇಳ್ತಾರೆ. ಎಲ್ಲಾ ಚಿಕ್ಕ ಅಕ್ಷರ, ಪದಗಳ ನಡುವೆ ಅಡ್ಡಗೆರೆ. ಇದರಿಂದ ಲ ಮತ್ತು ಳ ಒಂದೇ ಆಗುತ್ತೆ, ಅದು ನಷ್ಟವೇ, ಒಪ್ಪಿಕೊಳ್ಳಬೇಕು. ಆದ್ರೆ ತ ಮತ್ತು ಠ ಬೇರೆ ಇಡಬಹುದು. ನಾವು ಗೀತಾ, ಲತಾ ಅನ್ನೋದಕ್ಕೆ th ಹಾಕಿ ಹಾಕಿ ರೂಢಿಯಾಗಿ matha ಅಂತ ಬರೆದ್ರೆ ಅದು ಮತವೋ ಮಠವೋ ತಿಳಿಯಲ್ಲ. ಚುನಾವಣೆ ಸಮಯದಲ್ಲಿ ಮತದ ಪುಟಕ್ಕೆ ಬಂದೋರು ಸ್ವಾಮಿಗಳ ಪುಟ ಅಂದುಕೊಂಡ್ರೆ ಕಷ್ಟ. ತ ಬಂದ್ರೆ t ಸಾಕು. ದೀರ್ಘಕ್ಕೆ ಊರ ಹೆಸರುಗಳಲ್ಲಿ ಒಂದೇ a ಇರಲಿ, ಕಣ್ಣಿಗೆ ಅದೇ ರೂಢಿ. ಬೇರೆ ಪದಗಳಲ್ಲಿ ಗೊಂದಲ ಬರೋ ಕಡೆ aa ಹಾಕಿ. ಶಾಲೆಯನ್ನ shale ಅಂತ ಬರೆದ್ರೆ ಇಂಗ್ಲಿಷಲ್ಲಿ ಅದು ಒಂದು ಜಾತಿಯ ಕಲ್ಲು. ಗಣಿಯ ಊರಿನ ಪುಟಕ್ಕೆ ಆ ಪದ ಇದ್ರೆ ಗೂಗಲ್ ಏನಂದುಕೊಳ್ಳುತ್ತೋ!

ಪ್ರತ್ಯಯ ತೆಗೀರಿ. ಶಾಲೆಗೆ ಅಲ್ಲ, ಶಾಲೆ. ಮೇಲಿನ ಉದ್ದ ಶೀರ್ಷಿಕೆಗೆ ನಾನಾದ್ರೆ ಇಡೋ ಸ್ಲಗ್ ಇದು:

```
/rayadurga/obalapura-shaale-shikshakaru
```

ಕೊನೆಯ ಭಾಗ 28 ಅಕ್ಷರ. ಕನ್ನಡ ಬರೋ ಯಾರಾದ್ರೂ ಬಾಯಿಬಿಟ್ಟು ಓದಬಹುದು, ಇಂಗ್ಲಿಷ್ ಮಾತ್ರ ಬರೋ ಅಧಿಕಾರಿ ಕಾಗದ ನೋಡಿ ಟೈಪ್ ಮಾಡಬಹುದು. ಹಿಂದೆ rayadurga ಯಾಕೆ ಅಂದ್ರೆ ಓಬಳಾಪುರ ಅನ್ನೋ ಊರುಗಳು ಕರ್ನಾಟಕದೊಳಗೂ ಇವೆ.

ಜಿಲ್ಲೆಯ ಹೆಸರು ಯಾಕಿಲ್ಲ ಅಂತ ಕೇಳಬಹುದು. ಜಿಲ್ಲೆ ಹಾಕಲೇಬೇಡಿ. ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರಿನ ಜೊತೆ ಆಕಡೆ ಹೋಯ್ತು. ಮಡಕಶಿರ 2022ರ ಏಪ್ರಿಲ್‌ವರೆಗೆ ಅನಂತಪುರ ಜಿಲ್ಲೆ, ಈಗ ಶ್ರೀ ಸತ್ಯಸಾಯಿ ಜಿಲ್ಲೆ. ಯಾರಾದ್ರೂ 2021ರಲ್ಲಿ /anantapur/madakashira ಅಂತ ಪುಟ ಮಾಡಿದ್ದಿದ್ರೆ ಒಂದೇ ವರ್ಷದಲ್ಲಿ ಅದು ಸುಳ್ಳಾಗ್ತಿತ್ತು. ಬ್ಯಾಂಕಿನಲ್ಲಿ ಕೂತೋನಾಗಿ ಹೇಳ್ತೀನಿ, ಖಾತೆ ನಂಬರಿನೊಳಗೆ ಗ್ರಾಹಕರ ಮನೆ ವಿಳಾಸ ಹಾಕಲ್ಲ. ಮನೆ ಬದಲಾಗುತ್ತೆ, ನಂಬರ್ ಬದಲಾಗಬಾರದು. ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಇದನ್ನ ಬರೆದಿಟ್ಟಿದ್ದಾರೆ: ಬದಲಾಗೋ ಯಾವುದನ್ನೂ ವಿಳಾಸದೊಳಗೆ ಇಡಬೇಡಿ ಅಂತ.

ಈಗಾಗಲೇ ಜಿಲ್ಲೆ ಹಾಕಿ ಮಾಡಿದ್ದೀರಾ? ಹಳೇ ವಿಳಾಸ ಅಳಿಸಬೇಡಿ, ಅದು ಎಷ್ಟು ಜನರ ವಾಟ್ಸಾಪ್‌ನಲ್ಲಿ, ಎಷ್ಟು ಅರ್ಜಿಯಲ್ಲಿ ಇದೆಯೋ. ಹಳೇದಕ್ಕೆ ಬಂದೋರನ್ನ ಹೊಸದಕ್ಕೆ ಕಳಿಸೋ ಏರ್ಪಾಡು ಮಾಡಿ. ಅಪಾಚೆ ಸರ್ವರ್ ಆದ್ರೆ .htaccess ಫೈಲಿನಲ್ಲಿ ಒಂದು ಸಾಲು ಸಾಕು. ಕನ್ನಡ ಲಿಪಿಯೇ ಬೇಕು ಅನ್ನೋ ಗೆಳೆಯರಿಗೂ ಇದರಲ್ಲೇ ದಾರಿ ಇದೆ:

```
Redirect 301 /anantapur/madakashira /madakashira
Redirect 301 /ಓಬಳಾಪುರ /rayadurga/obalapura
```

ಮೊದಲ ಸಾಲು ಹಳೇ ಜಿಲ್ಲೆಯ ವಿಳಾಸವನ್ನ ಹೊಸದಕ್ಕೆ ಕಳಿಸುತ್ತೆ. ಎರಡನೆಯದರಿಂದ ಯಾರಾದ್ರೂ ಕನ್ನಡದಲ್ಲೇ ಊರ ಹೆಸರು ಟೈಪ್ ಮಾಡಿದ್ರೂ ಸರಿಯಾದ ಪುಟ ಸಿಗುತ್ತೆ. ಜಾತ್ರೆ ಬ್ಯಾನರಿನ ಮೇಲೆ, ಗೋಡೆ ಮೇಲೆ ಕನ್ನಡದ ವಿಳಾಸ ದೊಡ್ಡದಾಗಿ ಬರೆಸಿ, ಅರ್ಜಿ ಮೇಲೆ ಇಂಗ್ಲಿಷ್ ಅಕ್ಷರದ್ದು ಹಾಕಿ. ಹೋಗಿ ಸೇರೋದು ಒಂದೇ ಕಡೆ. ಹೀಗೆ ಬರೀ ಊರ ಹೆಸರಿಗೆ ಮಾತ್ರ ಮಾಡಿ, ಪ್ರತಿ ಬರಹಕ್ಕೂ ಮಾಡೋಕೆ ಹೋದ್ರೆ ಮೇಲೆ ಹೇಳಿದ ಕಾಣದ ಚಿಹ್ನೆಗಳು ಮತ್ತೆ ಕಾಟ ಕೊಡ್ತವೆ.

ಸೈಟ್ ಶುರು ಮಾಡೋ ಮೊದಲು ಒಂದು ಕೆಲಸ ಮಾಡೋಣ. ಎರಡೂ ತಾಲ್ಲೂಕಿನ ಕನ್ನಡ ಊರುಗಳ ಪಟ್ಟಿ ಮಾಡಿ, ಒಂದು ಕಡೆ ಊರಿನೋರು ಕರೆಯೋ ಹೆಸರು ಕನ್ನಡದಲ್ಲಿ, ಪಕ್ಕದಲ್ಲಿ ನಾವು ಒಪ್ಪಿದ ಇಂಗ್ಲಿಷ್ ಸ್ಪೆಲಿಂಗ್, ಅದರ ಪಕ್ಕದಲ್ಲಿ ಸರ್ಕಾರಿ ಸ್ಪೆಲಿಂಗ್. ಹೆಸರನ್ನ ಮ್ಯಾಪ್ ನೋಡಿ ಬರೀಬೇಡಿ, ಊರಿನ ಹಿರಿಯರನ್ನ ಕೇಳಿ ಬರೀರಿ. ನಿಮ್ಮೂರಿನ ಸಾಲನ್ನ ಕೆಳಗೆ ಕಾಮೆಂಟಿನಲ್ಲಿ ಹಾಕಿ, ಸ್ಪೆಲಿಂಗ್ ಬಗ್ಗೆ ತಕರಾರು ಇದ್ರೆ ಅದನ್ನೂ ಹಾಕಿ.